ಕೆಸವಿನ ಎಲೆಗೆ ಸೋತ ಹಸಿ ಶಿದ್ರಾಮಪ್ಪ

ರನ್ನ ಬೆಳಗಲಿಯಲ್ಲಿ ಶಿದ್ರಾಮಪ್ಪ ಎಂದು ಕೇಳಿದರೆ ಯಾವ ಶಿದ್ರಾಮಪ್ಪ ಎನ್ನುತ್ತಾರೆ. ಹಸಿ ಶಿದ್ರಾಮಪ್ಪ ಎಂದರೆ ಮನೆಯ ಬಾಗಿಲತನಕ ಬಂದು ಬಿಟ್ಟು ಹೋಗುತ್ತಾರೆ. ಆತ ನನ್ನ ಅಕ್ಕ ಇಂದ್ರವ್ವನ ಗಂಡ. ನಾನು ಕಾಶಪ್ಪ, ಜಮಖಂಡಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟವನು. ಮಾಮಾನ ಬಗ್ಗೆ ಬರೆಯುವ ಹಕ್ಕು ನನಗಿದೆ, ಏಕೆಂದರೆ ಆತನ ಮಾತು ಕೇಳಿ ಕೇಳಿ ಸಾಕಾದವರಲ್ಲಿ ಅಕ್ಕನ ನಂತರ ನಾನೇ ಹಿರಿಯ.

ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಸೊಪ್ಪು, ಅಂದರೆ ತಪ್ಪಲು, ತಿನ್ನುವುದು ಎಲ್ಲರ ರೂಢಿ. ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಎಳೆ ಬದನೆಕಾಯಿ, ಎಲ್ಲ ತಾಟಿನ ಅಂಚಿಗೆ ಇರಬೇಕು. ಆದರೆ ನಮಗೆ ಅದು ಬರೇ ಊಟ, ಮಾಮಾನಿಗೆ ಅದು ಮತ. ಮನುಷ್ಯನಿಗೆ ರೋಗ ಬಂದದ್ದು ಪಲ್ಯ ಬೇಯಿಸಲು ಕಲಿತ ಮೇಲೆ ಎಂಬುದು ಆತನ ಸಿದ್ಧಾಂತ. ಅಂಗಿಯ ಕಿಸೆಯಲ್ಲಿ ಉಪ್ಪಿನ ಪುಡಿಕೆ ಇಟ್ಟುಕೊಂಡೇ ತಿರುಗುತ್ತಾನೆ. ಯಾರ ಹೊಲದ ಬದುವಿನಲ್ಲಿ ಹಸಿರು ಕಂಡರೂ ಒಂದು ತುದಿ ಚಿವುಟಿ ಬಾಯಿಗೆ ಹಾಕುತ್ತಾನೆ. ಹಾಗಾದರೆ ಬೇಯಿಸಿದ ರೊಟ್ಟಿ ಯಾಕೆ ತಿನ್ನುತ್ತೀ ಎಂದು ಒಮ್ಮೆ ಕೇಳಿದ್ದೆ. "ಹಿಟ್ಟು ತಪ್ಪಲಲ್ಲೋ" ಎಂದ. ಅಲ್ಲಿಗೆ ವಾದ ಮುಗಿಯಿತು.

ತಿನ್ನುವುದರಲ್ಲಿ ಹೇಗೋ ಮಾತಿನಲ್ಲೂ ಹಾಗೆ. ನಾಲಿಗೆಗೆ ಬಂದದ್ದು ಬಂದ ಹಾಗೇ ಹೊರಗೆ. ಈ ಗುಣದಿಂದ ಮಗಳು ಮಧುಮತಿಯ ಎರಡು ಸಂಬಂಧ ಮುರಿದವು. ಬೀಳಗಿಯಿಂದ ಬಂದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇಂವ ಹೊಲಕ್ಕ ಹೋದಂಗ ಕಾಣೂದಿಲ್ಲ, ಹೊಲಾನ ಇವನ ಕಡೆ ಬರ್ತೈತೇನು?" ಎಂದು ಕೇಳಿದ. ಅವರು ಚಹಾ ಕುಡಿದು ಎದ್ದರು. ಮುಧೋಳದವರು ಬಂದಾಗ ಹುಡುಗನ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಅದು ನಿಮ್ಮ ಹೆಂಡತಿಯ ಒಲೆಯಿಂದ ಬಂದದ್ದು ಎಂದು ಮಾಮಾ ವಿವರಿಸಿದ. ಅವರು ಚಹಾ ಕೂಡ ಕುಡಿಯಲಿಲ್ಲ.

ಮಧುಮತಿ ಜಮಖಂಡಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಾಳೆ. ಆ ಕೆಲಸದ ಮೇಲೆ ಅವಳಿಗೆ ಜೀವ. ಹೋದ ಮಳೆಗಾಲದಲ್ಲಿ ಬನಹಟ್ಟಿಯ ನೂಲಿನ ವ್ಯಾಪಾರಿ ರಾಮಲಿಂಗಪ್ಪನವರ ಮಗ ಗೌರೀಶನ ಸಂಬಂಧ ಬಂತು. ಹುಡುಗನನ್ನು ಅವಳು ಒಂದು ಮದುವೆಯಲ್ಲಿ ನೋಡಿ ಮಾತಾಡಿದ್ದಳು, ಮನಸ್ಸಿಗೂ ಬಂದಿದ್ದ. ತೊಡಕೆಂದರೆ ಹುಡುಗನ ತಾಯಿ ಗುರುಬಸವ್ವನವರಿಗೆ ಮನೆಯಲ್ಲಿರುವ ಸೊಸೆ ಬೇಕು ಎಂಬ ಸುದ್ದಿ.

ಇದಕ್ಕೆ ಮಾಮಾ ತನ್ನ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದ. "ನೌಕರಿ ಬಿಡ್ತಾಳೇನು ಅಂತ ಕೇಳಿದ್ರ ಬಿಡ್ತಾಳ ಅಂತೀನಿ. ಎರಡು ಹ್ವಾದುವು. ಇದನ್ನ ಬಿಡಾಂವಲ್ಲ."

"ಅಪ್ಪಾ, ಅದನ್ನ ನಾ ಹೇಳ್ತೀನಿ" ಎಂದಳು ಮಧುಮತಿ.

"ಹಿರ್ಯಾರು ಕುಂತಾಗ ನೀ ಏನ್ ಹೇಳ್ತೀ? ನಾ ಹೇಳಾಂವ."

ಅವಳು ನನಗೆ ಫೋನು ಮಾಡಿ ಅತ್ತಳು. ಕೆಲಸ ಬಿಡುವುದಿಲ್ಲ, ಗೌರೀಶನೂ ಬೇಕು, ಅಪ್ಪ ಬಾಯಿ ತೆರೆದರೆ ಎರಡರಲ್ಲಿ ಒಂದು ಹೋಗುತ್ತದೆ ಎಂದಳು. ನಿಮ್ಮಪ್ಪನ ಬಾಯಿ ಮುಚ್ಚಿಸುವ ಔಷಧ ಜಮಖಂಡಿಯಲ್ಲಿ ಸಿಗುವುದಿಲ್ಲ ಎಂದೆ ನಾನು. ಅದು ಅವರ ಹಿತ್ತಲಲ್ಲೇ ಬೆಳೆದಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಗುರುಬಸವ್ವನವರಿಗೆ ಕೆಸವಿನ ಎಲೆಯ ವಡಿ ಎಂದರೆ ಪ್ರಾಣ ಎಂದು ಅಕ್ಕ ಎಲ್ಲೋ ಕೇಳಿಕೊಂಡು ಬಂದಿದ್ದಳು. ಅದೇ ವರ್ಷ ತವರಿನಿಂದ ಗಡ್ಡೆ ತಂದು ಮೋಟಾರಿನ ನೀರು ಬೀಳುವ ಜಾಗದಲ್ಲಿ ನೆಟ್ಟಿದ್ದಳು. ಎಲೆಗಳು ಆನೆಯ ಕಿವಿಯಷ್ಟಾಗಿದ್ದವು. ಮಾಮಾ ಮದುವೆಯ ಊಟದಲ್ಲಿ ವಡಿ ಕಂಡಿದ್ದನೇ ಹೊರತು ಎಲೆಯನ್ನು ಕೈಯಲ್ಲಿ ಹಿಡಿದವನಲ್ಲ; ಹಿತ್ತಲಿನ ಗಿಡವನ್ನು ಅಕ್ಕ ಮುಟ್ಟಗೊಟ್ಟಿರಲಿಲ್ಲ. ಕರಿದದ್ದು ಎಂದು ಅದನ್ನೂ ತಾಟಿನ ಅಂಚಿಗೆ ಸರಿಸುತ್ತಿದ್ದ.

ಬನಹಟ್ಟಿಯವರು ಬರುವ ದಿನ ನಾನು ಬೆಳಿಗ್ಗೆಯೇ ಹೋದೆ. ಅಕ್ಕ ಕಡ್ಲಿ ಹಿಟ್ಟಿಗೆ ಹುಣಸೆ ರಸ, ಬೆಲ್ಲ, ಖಾರ, ಎಳ್ಳು ಕಲಸುತ್ತಿದ್ದಳು. ಮಧುಮತಿ ಎಲೆಗಳನ್ನು ಒರೆಸಿ, ಬೆನ್ನಿನ ದಪ್ಪ ನರ ಹೆರೆದು, ಹಿಟ್ಟು ಹಚ್ಚಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತುತ್ತಿದ್ದಳು. ಕೈ ತುರಿಸಬಾರದೆಂದು ಎಣ್ಣೆ ಸವರಿಕೊಂಡಿದ್ದಳು. ಮಾಮಾ ರೊಟ್ಟಿಯ ತಾಟು ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕುಳಿತಿದ್ದ. ತಾಟಿನಲ್ಲಿ ಅಂದು ಸೊಪ್ಪು ಇರಲಿಲ್ಲ, ಗಡಿಬಿಡಿಯಲ್ಲಿ ಅಕ್ಕ ಮರೆತಿದ್ದಳು.

"ಒಂದ್ ಎಲಿಗೆ ಇಷ್ಟು ಪೂಜಿ ಏನ?" ಎಂದ ಮಾಮಾ.

"ಛಲೋತ್ನಂಗ ಬೇಯಬೇಕ ಅಪ್ಪಾ. ಹಸೀದು ತಿನ್ನೂ ಎಲಿ ಅಲ್ಲ ಇದು. ಒಳಗ ಸೂಜಿ ಹಂಗ ಸಣ್ಣ ಸಣ್ಣ ಹರಳು ಇರ್ತಾವ, ಕಣ್ಣಿಗೆ ಕಾಣೂದಿಲ್ಲ. ನಾಲಿಗಿಗೆ, ಗಂಟಲಿಗೆ ಚುಚ್ತಾವ. ಪೂರಾ ಬೆಂದ್ರ ಆ ಜೋರು ಇಳೀತೈತಿ. ಹುಣಸಿಹುಳಿ ಇದ್ರ ಇನ್ನೂ ಛಲೋ."

"ನಿಮ್ಮ ಕಾಲೇಜಿನ್ಯಾಗ ಎಲ್ಲಾದ್ರಾಗೂ ಸೂಜಿ ಇರ್ತಾವ."

ಹೀಗೆಂದವನು ಕೈ ಚಾಚಿ ಬುಟ್ಟಿಯಿಂದ ಒಂದು ಎಳೆಯ ಎಲೆ ತೆಗೆದ. ಶೇಂಗಾ ಚಟ್ನಿ ಉದುರಿಸಿದ, ಉಳ್ಳಾಗಡ್ಡಿ ಇಟ್ಟ, ಮಡಚಿದ. ಮಧುಮತಿಯ ಎರಡೂ ಕೈಗೆ ಹಿಟ್ಟು. ಅವಳು "ಅಪ್ಪಾ, ಬ್ಯಾಡ" ಎನ್ನುವಷ್ಟರಲ್ಲಿ ಅರ್ಧ ಎಲೆ ಒಳಗೆ ಹೋಗಿತ್ತು. ಮಗಳ ಕಡೆ ನೋಡುತ್ತ, ಗೆದ್ದವನ ಹಾಗೆ, ಅಗಿದ.

ಅಗಿಯುವುದು ನಡುವೆ ನಿಂತಿತು. ಕಣ್ಣು ದೊಡ್ಡದಾಯಿತು. ತಾಟು ಕೆಳಗಿಟ್ಟು ಹಿತ್ತಲಿಗೆ ಓಡಿದ. ಉಗುಳಿದ, ಮುಕ್ಕಳಿಸಿದ, ಬೆರಳಿಂದ ನಾಲಿಗೆ ಕೆರೆದುಕೊಂಡ. ತುಟಿ ಊದಿಕೊಂಡು ಬಂತು. ಏನಾಯಿತು ಮಾಮಾ ಎಂದರೆ ಬರೇ ಗೊರಗೊರ ಸದ್ದು. ಅರವತ್ತು ದಾಟಿದ ಆಸಾಮಿ ಗಂಟಲು ಹಿಡಿದುಕೊಂಡು ನೆಗೆಯುತ್ತಿದ್ದರೆ ನಗು ಬರಬೇಕಿತ್ತು. ಬರಲಿಲ್ಲ, ಹೆದರಿಕೆಯಾಯಿತು.

ಮಧುಮತಿ ಕೈ ತೊಳೆದು ಬಂದು ಅಪ್ಪನ ಬಾಯಿ ತೆರೆಸಿ ನೋಡಿದಳು. ಉಸಿರು ಸರಿಯಾಗಿ ಬರುತ್ತಿದೆಯೇ, ಗುಟುಕು ಇಳಿಯುತ್ತಿದೆಯೇ ಎಂದು ಕೇಳಿದಳು. ಮಾಮಾ ಹೌದೆಂದು ತಲೆಯಾಡಿಸಿದ. ತಣ್ಣನೆಯ ಮೊಸರು ಬಾಯಲ್ಲಿ ಇಟ್ಟುಕೊಳ್ಳಲು ಕೊಟ್ಟಳು. "ಮಾಮಾ, ಗಾಡಿ ಕೀಲಿ ಕೈಯಾಗ ಇಟ್ಕೋರಿ. ಉಸರಾಡಾಕ ತ್ರಾಸ ಆತಂದ್ರ ಸೀದಾ ಮುಧೋಳ ದವಾಖಾನಿಗೆ" ಎಂದು ಸೋದರಮಾವನಾದ ನನಗೆ ಹೇಳಿದಳು. ದವಾಖಾನೆಗೆ ಹೋಗುವ ಪ್ರಸಂಗ ಬರಲಿಲ್ಲ. ಉರಿ ಉಳಿಯಿತು, ಮಾತು ಹೋಯಿತು.

ಅಷ್ಟರಲ್ಲಿ ಬನಹಟ್ಟಿಯ ಕಾರು ಬಾಗಿಲಿಗೆ ಬಂತು, ಹೇಳಿದ ಹೊತ್ತಿಗಿಂತ ಮೊದಲೇ. ಸುರುಳಿಗಳು ಇಡ್ಲಿ ಪಾತ್ರೆಯಲ್ಲಿ ಆಗಷ್ಟೇ ಹಬೆಗೆ ಕೂತಿದ್ದವು. ರಾಮಲಿಂಗಪ್ಪ, ಗುರುಬಸವ್ವ, ಗೌರೀಶ ಒಳಗೆ ಬಂದು ಕುಳಿತರು. ಮಾಮಾ ಕೈ ಮುಗಿದ. ಊದಿದ ತುಟಿ, ನೀರು ತುಂಬಿದ ಕಣ್ಣು, ಒಂದು ಮಾತಿಲ್ಲ. ಗಂಟಲು ಕೆಟ್ಟಿದೆ ಎಂದು ನಾನು ಹೇಳಿದೆ. ಅದು ಸುಳ್ಳೂ ಅಲ್ಲ. ಹೆಣ್ಣು ಹೆತ್ತ ತಂದೆಯ ಸಂಕಟ ಎಂದುಕೊಂಡು ರಾಮಲಿಂಗಪ್ಪ ಮಾಮಾನ ಭುಜ ಒತ್ತಿದರು.

ಅಡುಗೆಮನೆಯಲ್ಲಿ ಅಕ್ಕನಿಗೆ ಚಡಪಡಿಕೆ. "ಮ್ಯಾಲೆ ಬಣ್ಣ ತಿರುಗೈತಿ, ತಗೀತೀನವಾ. ಬಂದಾರು ಎಷ್ಟೊತ್ತು ಕುಂದರಬೇಕು?"

"ನಡುವಿನ ಎಲಿ ಇನ್ನೂ ಬೆಂದಿಲ್ಲವ್ವಾ. ಅಪ್ಪನ ಮಾರಿ ನೋಡು. ಅತ್ತಿ ಆಗಾಕಿಗೂ ಹಂಗ ಮಾಡ್ತೀಯೇನು?"

ಅಕ್ಕ ಮುಚ್ಚಳ ಮುಟ್ಟಲಿಲ್ಲ. ಮೊದಲು ಅವಲಕ್ಕಿ ಕೊಟ್ಟೆವು, ಚಹಾ ಕೊಟ್ಟೆವು, ನಾನು ಜಮಖಂಡಿ ಕೋರ್ಟಿನ ಸುದ್ದಿ ಹೇಳಿದೆ, ಮತ್ತೊಮ್ಮೆ ಚಹಾ ಕೊಟ್ಟೆವು. ಸುರುಳಿ ನಡುವಿನತನಕ ಬೆಂದು, ಆರಿ, ಬಿಲ್ಲೆಯಾಗಿ, ಎಣ್ಣೆಯಲ್ಲಿ ಕೆಂಪಗಾಗಿ ಬರುವತನಕ ನನ್ನ ಹತ್ತಿರ ಕೋರ್ಟಿನ ಸುದ್ದಿ ಉಳಿಯಲಿಲ್ಲ.

ಮಧುಮತಿ ತಾಟು ತಂದಿಟ್ಟಳು. ಗುರುಬಸವ್ವನವರು ವಡಿ ಎತ್ತಿ, ಬಾಯಿಗೆ ಹಾಕದೆ, "ತುರಸೂದಿಲ್ಲ ಹೌದಲ್ಲ?" ಎಂದು ಕೇಳಿದರು. ಕೆಸವು ತಿಂದು ಬಲ್ಲವರು ಎಲ್ಲರೂ ಕೇಳುವ ಮಾತು ಅದು. ಆದರೆ ಅವರು ಕೇಳಿದ್ದು ಮಾಮಾನ ತುಟಿ ನೋಡುತ್ತ.

"ಇಲ್ರಿ. ಪೂರಾ ಬೇಯಿಸೀನಿ" ಎಂದಳು ಮಧುಮತಿ. ಮೊದಲು ತಾನೊಂದು ತಿಂದಳು.

ಗುರುಬಸವ್ವ ತಿಂದರು. ನಾವೆಲ್ಲ ಅವರ ಗಂಟಲನ್ನೇ ನೋಡಿದೆವು. ಅವರು ಎರಡನೆಯದು ಎತ್ತಿಕೊಂಡರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಮೇಲೆ ಅವರು ಕೈ ಒರೆಸಿಕೊಂಡು ಆ ಮಾತಿಗೆ ಬಂದರು. "ಶಿದ್ರಾಮಪ್ಪನವರ, ನಮ್ಮದು ಒಂದ ಮಾತು. ಲಗ್ನಾದ ಮ್ಯಾಲ ಹುಡುಗಿ ನೌಕರಿ ಬಿಡ್ತಾಳೇನ್ರಿ?"

ಮಾಮಾ ಬಾಯಿ ತೆರೆದ. ಇಟ್ಟುಕೊಂಡ ಉತ್ತರ ಅಲ್ಲೇ ಇತ್ತು, ಕಣ್ಣಲ್ಲಿ ಕಾಣುತ್ತಿತ್ತು. ಬಂದದ್ದು ಕೆಮ್ಮು. ಇನ್ನೊಮ್ಮೆ ಪ್ರಯತ್ನಿಸಿದ, ಇನ್ನೊಂದು ಕೆಮ್ಮು.

"ಬಿಡೂದಿಲ್ರಿ" ಎಂದಳು ಮಧುಮತಿ. ಧ್ವನಿ ಎತ್ತರಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ. "ಬನಹಟ್ಟಿಯಿಂದ ಜಮಖಂಡಿಗೆ ಒಂದ ಬಸ್ಸು. ಮನಿ ಕೆಲಸಾನೂ ಮಾಡ್ತೀನಿ. ಈಗ ಹೂಂ ಅಂದು ಆಮ್ಯಾಲ ತಕರಾರು ಮಾಡಾಕ ನನಗ ಬರೂದಿಲ್ರಿ."

ಗೌರೀಶ ತನ್ನ ಚಹಾದ ಕಪ್ಪನ್ನು ನೋಡುತ್ತ, "ನನಗ ಒಪ್ಪಿಗಿ ಐತಿ" ಎಂದ. ಹುಡುಗ ಅಷ್ಟಾದರೂ ಹೇಳಿದನಲ್ಲ ಎಂದು ನನಗೆ ಸಮಾಧಾನವಾಯಿತು. ಗುರುಬಸವ್ವ, ವಿಚಾರ ಮಾಡಿ ಫೋನು ಮಾಡುತ್ತೇವೆ ಎಂದು ಎದ್ದರು. ಬೀಳಗಿಯವರೂ ಇದನ್ನೇ ಹೇಳಿ ಹೋಗಿದ್ದರು.

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಮಾಮಾನ ತುಟಿ ಇಳಿದಿತ್ತು, ಧ್ವನಿ ಮರಳಿತ್ತು, ಸ್ವಲ್ಪ ಒಡಕು ಅಷ್ಟೇ. ಮೊದಲು ಆಡಿದ ಮಾತು, "ಅವರಿಗೆ ಫೋನ್ ಹಚ್ಚು ಕಾಶಪ್ಪಾ." ನೌಕರಿ ಬಿಡ್ತಾಳ ಎಂದು ಹೇಳಿ ಎಲ್ಲ ತಿರುವಿ ಹಾಕುವ ಹುನ್ನಾರ ಎಂದುಕೊಂಡೆ. ಮಧುಮತಿ ಬಸ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತಳು. ನಾನು ನಂಬರು ಹುಡುಕುವ ನಾಟಕ ಮಾಡುತ್ತಿದ್ದಾಗ ಆ ಕಡೆಯಿಂದಲೇ ಫೋನು ಬಂತು. ಮಾಮಾ ಕಸಿದುಕೊಂಡ.

ಗುರುಬಸವ್ವನವರ ಧ್ವನಿ ನಮಗೂ ಕೇಳುತ್ತಿತ್ತು. "ಶಿದ್ರಾಮಪ್ಪನವರ, ನಮ್ಮ ಮನ್ಯಾಗ ಆ ವಡಿ ಯಾವಾಗ ಮಾಡಿದ್ರೂ ಗಂಟಲಾ ತುರಸತೈತ್ರಿ. ನಾವು ಲಗೂನ ತಗೀತೀವೋ ಏನೋ. ನಿಮ್ಮ ಹುಡುಗಿ ಬರ್ಲಿ. ದಿನಾ ಕಾಲೇಜ್ ಮುಗಿಸಿ ಬಂದು ನಮಗೂ ವಡಿ ಮಾಡೂದು ಕಲಿಸ್ಲಿ, ಅವಸರಿಲ್ಲ. ನೀವೇನಂತೀರಿ?"

ಮಾಮಾ ಬಾಯಿ ತೆರೆದ. ಈ ಸಲ ಕೆಮ್ಮು ಇರಲಿಲ್ಲ, ತಡೆಯುವುದು ಯಾವುದೂ ಇರಲಿಲ್ಲ. ಬಾಗಿಲ ಕಡೆ ನೋಡಿದ.

"ಅದನ್ನ ಅಕೀನ್ನ ಕೇಳ್ರೀ" ಎಂದು ಫೋನನ್ನು ಮಗಳ ಕೈಗೆ ಕೊಟ್ಟ.

ಅವಳು ಮಾತಾಡಿ ಮುಗಿಸಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆತ ರೊಟ್ಟಿಗೆ ಕುಳಿತಾಗಿತ್ತು. ತಾಟಿನ ಅಂಚಿಗೆ ಅಕ್ಕ ಮೆಂತ್ಯ ಇಟ್ಟಿದ್ದಳು. ಹುಟ್ಟಿದಾಗಿನಿಂದ ತಿಂದ ಸೊಪ್ಪು. ಮಾಮಾ ಒಂದು ಎಸಳು ಎತ್ತಿ, ತಿರುಗಿಸಿ ನೋಡಿ, ಬಾಯಿಗೆ ಹಾಕದೆ ಹಿಡಿದುಕೊಂಡ.

"ಇದನ್ನ ಹಸೀದ ತಿನ್ನಬಹುದೇನವಾ?" ಎಂದು ಮಗಳನ್ನು ಕೇಳಿದ.

"ತಿನ್ನಬಹುದು ಅಪ್ಪಾ" ಎಂದಳು ಮಧುಮತಿ. ಆಮೇಲೆ ತಿಂದ.