ರಸ್ತೆಗೆ ಮುಖ ಮಾಡಿದ ಸೋಲಾರ್

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಭದ್ರಾವತಿಯ ಆ ಮನೆಯ ನೀರಿನ ಟ್ಯಾಂಕು ಕಪ್ಪಗಿತ್ತು ಎಂದು ನನ್ನ ನೆನಪು. ಇಲ್ಲ, ನೀಲಿ ಎನ್ನುತ್ತಾಳೆ ತಂಗಿ. ನಾವು ಮೊದಲ ಸಲ ಹೋದದ್ದು ಚಳಿ ಮುಗಿಯುವ ಹೊತ್ತಿನಲ್ಲಿ ಎಂದುಕೊಂಡಿದ್ದೇನೆ, ಏಕೆಂದರೆ ಬಸ್ಸಿನಲ್ಲಿ ದೊಡ್ಡಪ್ಪ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ದೊಡ್ಡಪ್ಪ ಏಪ್ರಿಲ್ ತಿಂಗಳಲ್ಲೂ ಮಫ್ಲರ್ ಬಿಡದ ಮನುಷ್ಯ, ಆದ್ದರಿಂದ ಅದು ಸಾಕ್ಷಿಯಾಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಆ ತಾರಸಿಯ ಮೇಲಿನ ಸೋಲಾರ್ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು.

ದೊಡ್ಡಪ್ಪ, ಅಂದರೆ ನಮ್ಮ ಅಪ್ಪನ ಅಣ್ಣ, ಶಿವಮೊಗ್ಗದಲ್ಲಿ ಬಹಳ ವರ್ಷ ಸೋಲಾರ್ ವಾಟರ್ ಹೀಟರ್ ಮಾರುತ್ತಿದ್ದರು. ಯಾವ ಬೀದಿಯಲ್ಲಿ ಯಾರ ಬಾಗಿಲು ತಟ್ಟಬೇಕೆಂದು ತೀರ್ಮಾನಿಸುವ ಮೊದಲು ರಸ್ತೆಯ ತುದಿಯಲ್ಲಿ ಸ್ಕೂಟರ್ ನಿಲ್ಲಿಸಿ, ತಲೆಯೆತ್ತಿ ತಾರಸಿಗಳನ್ನು ನೋಡುವುದು ಅವರ ಕ್ರಮ. ಅಂಗಡಿ ಮುಚ್ಚಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಒಂದೇ ಮನೆಯ ಮೇಲೆ ಎರಡು ಟ್ಯಾಂಕಿದ್ದರೆ ಮೇಲಿನ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಎಸಿಯ ಹೊರಗಿನ ಪೆಟ್ಟಿಗೆ ಮುಂಗೋಡೆಗೆ ಮೊಳೆ ಹೊಡೆದಂತೆ ನೇತಾಡುತ್ತಿದ್ದರೆ ಮನೆ ಕಟ್ಟಿದ ಮೇಲೆ ದುಡ್ಡು ಬಂದಿದೆ. ಅದೇ ಪೆಟ್ಟಿಗೆ ತಾರಸಿಯ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕೂತು, ಪೈಪು ಗೋಡೆಯೊಳಗೆ ಹೋಗಿದ್ದರೆ ದುಡ್ಡು ಮೊದಲೇ ಇತ್ತು. "ಒಂದೇ ಎಸಿ ಇದ್ರೆ ಅದು ಅಳಿಯನ ರೂಮು ಮಾರಾಯ್ತಿ, ಬರೆದಿಟ್ಕೋ" ಎನ್ನುತ್ತಿದ್ದರು. ಅವರ ಮನೆಯಿರುವ ರವೀಂದ್ರನಗರದಲ್ಲಿ ಅವರ ಜೊತೆ ವಾಕಿಂಗ್ ಹೋಗುವುದೆಂದರೆ ಪಕ್ಕದವರ ಬದುಕನ್ನೆಲ್ಲ ಕತ್ತು ನೋಯುವಷ್ಟು ಓದುವುದು.

ಊರನ್ನೂ ಹಾಗೇ ಗುರುತಿಸುತ್ತಿದ್ದರು. ಮಂಗಳೂರಿನ ಕಡೆ ಘಟ್ಟ ಇಳಿದರೆ ಸೋಲಾರ್ ಕಡಿಮೆಯಾಗಿ ಎಸಿ ಹೆಚ್ಚಾಗುತ್ತದೆ, ಕಡಲ ಪಕ್ಕದವರಿಗೆ ಬೆವರಿನದೇ ಚಿಂತೆ, ನಮಗೆ ಸ್ನಾನದ ನೀರಿನದು ಎನ್ನುವುದು ಅವರ ವಾದ. ಕಾಶಿಗೆ ಹೋಗುವಾಗ ರೈಲಿನಲ್ಲಿ ಬೆಳಗ್ಗೆ ಎದ್ದವರೇ ಕಿಟಕಿಯಾಚೆ ನೋಡಿ, "ಮನೆ ಮೇಲೆ ಸೋಲಾರ್ ಇಲ್ಲ, ಕಿಟಕಿಗೆಲ್ಲ ಕೂಲರ್ ನೇತುಹಾಕಿದ್ದಾರೆ. ನಮ್ಮ ಸೀಮೆ ದಾಟಿ ಬಹಳ ಹೊತ್ತಾಯ್ತು" ಎಂದಿದ್ದರಂತೆ. ಇದು ದೊಡ್ಡಮ್ಮ ಹೇಳಿದ ಕಥೆ, ನಾನು ರೈಲಿನಲ್ಲಿರಲಿಲ್ಲ.

ಈ ವಿದ್ಯೆಗೆ ನಾವಿದ್ದ ಹಳೇ ಶಿವಮೊಗ್ಗದ ಕೋಟೆ ಭಾಗದಲ್ಲಿ ಬೆಲೆಯಿರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ನಮ್ಮದು ಹೆಂಚಿನ ಮನೆ. ಹೆಂಚಿನ ಮೇಲೆ ಟ್ಯಾಂಕು ಕೂರಿಸಲಾಗದು. ಬಚ್ಚಲುಮನೆಯ ಚಿಕ್ಕ ಸಿಮೆಂಟ್ ಮಾಡಿನ ಮೇಲೆ ಚಿಕ್ಕ ಟ್ಯಾಂಕು, ಅಷ್ಟೇ. ನಮ್ಮ ಬೀದಿಯಲ್ಲಿ ಚಿನ್ನ ಅಡವಿಟ್ಟವರ ಮಾಡೂ ಚಿನ್ನ ಅಡವಿಟ್ಟುಕೊಂಡವರ ಮಾಡೂ ಕೆಳಗಿನಿಂದ ಒಂದೇ ಥರ. ಹೊಸ ಬಡಾವಣೆಗಳಲ್ಲೂ ಪೂರ್ತಿ ನಂಬುವಂತಿರಲಿಲ್ಲ. ದೊಡ್ಡ ಮನೆಗೆ ಕರೆಂಟ್ ಕನೆಕ್ಷನ್ ಬೇಕಾದರೆ ಸೋಲಾರ್ ಹಾಕಲೇಬೇಕು ಎಂದಾದ ಮೇಲೆ, ಅದು ಮನೆಯವರ ಅನುಕೂಲಕ್ಕಿಂತ ಮನೆಯ ವಯಸ್ಸನ್ನೇ ಹೇಳತೊಡಗಿತ್ತು. ದೊಡ್ಡಪ್ಪನಿಗೆ ಇದೆಲ್ಲ ಗೊತ್ತಿತ್ತು. ಆದರೂ ನೋಡುವುದು ಬಿಡಲಿಲ್ಲ.

ತಂಗಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲೇ ಎಕ್ಸ್‌ರೇ ವಿಭಾಗದಲ್ಲಿದ್ದ ಭದ್ರಾವತಿಯ ಹುಡುಗನನ್ನು ಮದುವೆಯಾಗುತ್ತೇನೆಂದಳು. ಹುಡುಗನ ತಂದೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಮ್ಮ ಬೇಡವೆನ್ನಲಿಲ್ಲ, "ದೊಡ್ಡಪ್ಪ ಮನೆ ನೋಡಿಬರ್ಲಿ" ಎಂದರು. ನಮ್ಮಲ್ಲಿ ಮಾತುಕತೆಗೆ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು ಪದ್ಧತಿ. ಅಪ್ಪ ಇಲ್ಲದ್ದರಿಂದ ಧಾರೆ ಎರೆದು ಕೊಡಬೇಕಾದವರೂ ದೊಡ್ಡಪ್ಪನೇ. ಅವರು ಒಲ್ಲೆನೆಂದರೆ ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆದೀತು, ಆದರೆ ತಂಗಿಗೆ ಅದು ಬೇಕಿರಲಿಲ್ಲ. ಅವಳನ್ನು ಕಾಲೇಜಿಗೆ ಸೇರಿಸಿದವರು ಅವರು.

ನಾನು, ದೊಡ್ಡಪ್ಪ ಇಬ್ಬರೇ ಹೋದೆವು. ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಸಾಲು ದಾಟುವಾಗ ಅವರು ಬಸ್ಸಿನ ಕಿಟಕಿಯಿಂದ ಹೇಳಿದರು: "ಇಲ್ಲಿ ಏನೂ ಓದೋಕಾಗಲ್ಲ ನೋಡು. ಮನೆ ಕಂಪನಿದು. ಸಾಹೇಬ ಆಗ್ಲಿ, ಕೂಲಿ ಆಗ್ಲಿ, ಸೂರಿನ ಮೇಲೆ ತನ್ನದು ಅಂತ ಏನೂ ಇಡಂಗಿಲ್ಲ." ಹುಡುಗನ ಮನೆ ಅದರಾಚೆ, ಅವರೇ ಕಟ್ಟಿಸಿಕೊಂಡ ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಗೇಟಿನ ಮುಂದೆ ನಿಂತು ದೊಡ್ಡಪ್ಪ ತಲೆಯೆತ್ತಿದರು. ತಾರಸಿಯ ಅಂಚಿನಲ್ಲಿ ಸೋಲಾರ್ ಪ್ಯಾನೆಲ್ಲಿನ ಗಾಜು ನಮ್ಮನ್ನೇ ನೋಡುತ್ತಿತ್ತು. ಅವರು ಒಂದು ಸಲ ಸೂರ್ಯನ ಕಡೆ, ಒಂದು ಸಲ ಗಾಜಿನ ಕಡೆ ನೋಡಿ ಗೇಟು ತೆಗೆದರು.

ಒಳಗೆ ಕೇಸರಿಬಾತು, ಉಪ್ಪಿಟ್ಟು. ಹುಡುಗನ ತಾಯಿ ಬಡಿಸುತ್ತಲೇ ಇದ್ದರು. ದೊಡ್ಡಪ್ಪ ತಿನ್ನುತ್ತ ಕೇಳಿದರು, "ಬಿಸಿನೀರು ಹೆಂಗೆ ಬರುತ್ತಮ್ಮ?"

"ಚೆನ್ನಾಗಿ ಬರುತ್ತಣ್ಣ. ಬೆಳಗ್ಗೆ ಮುಟ್ಟೋಕಾಗಲ್ಲ, ಹಂಗೆ ಸುಡುತ್ತೆ."

ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ತಂದೆ ಎದ್ದು ನೀರು ತರಲು ಹೋದರು, ನೀರು ಟೇಬಲ್ಲಿನ ಮೇಲೇ ಇತ್ತು.

ವಾಪಸು ಬರುವಾಗ ದೊಡ್ಡಪ್ಪ ಬಾಯಿ ಬಿಟ್ಟರು. "ನಮ್ಮ ದೇಶದಲ್ಲಿ ಸೋಲಾರ್ ದಕ್ಷಿಣಕ್ಕೆ ಮುಖ ಮಾಡಿ ಕೂರ್ಬೇಕು. ಇವರದ್ದು ಸೂರ್ಯನಿಗೆ ಬೆನ್ನು ಹಾಕಿ ರಸ್ತೆ ನೋಡ್ತಿದೆ. ಅದೂ ಹೋಗ್ಲಿ. ತಣ್ಣೀರಿನ ಟ್ಯಾಂಕು ತಾರಸಿಯ ನೆಲಕ್ಕೇ ಕೂತಿದೆ, ಸೋಲಾರಿನ ಟ್ಯಾಂಕು ಅದಕ್ಕಿಂತ ಎತ್ತರ. ನೀರು ಏಣಿ ಹತ್ಕೊಂಡು ಹೋಗುತ್ತಾ? ಅದರೊಳಗೆ ಹನಿ ನೀರೂ ಇರಲ್ಲ. ಇನ್ನು ಸುಡೋದೆಲ್ಲಿಂದ?"

"ಸೋಲಾರ್ ಇಲ್ಲದಿದ್ರೆ ಏನಾಯ್ತು ದೊಡ್ಡಪ್ಪ? ಹಂಡೆ ಇದೆಯಲ್ಲ."

"ಇಲ್ಲದಿದ್ರೆ ಏನೂ ಇಲ್ಲ. ಇಲ್ಲದ್ದನ್ನ ಇದೆ ಅಂದ್ರಲ್ಲ, ಅದು. ಇಂಥೋರ ಮನೆಗೆ ನಾನು ಧಾರೆ ಎರೆದು ಕೊಡಲ್ಲ."

ಅವರ ಮಾತು ಆಗ ನನಗೆ ಸರಿ ಎನ್ನಿಸಿತು ಎಂದು ಅಂದಿನ ಡೈರಿ ಹೇಳುತ್ತದೆ. ಈಗ ನೆನೆದರೆ ಸರಿ ಎನ್ನಿಸಿರಲಿಲ್ಲ ಅನ್ನಿಸುತ್ತದೆ. ಯಾವುದನ್ನು ನಂಬುವುದೋ ತಿಳಿಯದು.

ತಂಗಿ ಮಾತ್ರ ಅಳಲಿಲ್ಲ. ಮರುದಿನ ಡ್ಯೂಟಿ ಮುಗಿಸಿ ನೇರ ರವೀಂದ್ರನಗರಕ್ಕೆ ಹೋದಳು, ನನ್ನನ್ನೂ ಎಳೆದುಕೊಂಡು. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ದೊಡ್ಡಪ್ಪ, ಆ ಸೋಲಾರ್ ಹಾಕಿಸಿದ್ದು ನಾನು."

"ನೀನಾ?"

"'ನಮ್ಮ ದೊಡ್ಡಪ್ಪ ಮನೆ ನೋಡಲ್ಲ, ತಾರಸಿ ನೋಡ್ತಾರೆ' ಅಂತ ಅವರಮ್ಮನಿಗೆ ನಾನೇ ಫೋನಲ್ಲಿ ಹೇಳಿದ್ದೆ. ತಮಾಷೆಗೆ ಹೇಳಿದ್ದು. ಅವರು ಹೆದರ್ಕೊಂಡು ಯಾರೋ ಮನೆ ಒಡೆಯೋರ ಹತ್ರ ಹಳೇದು ತಂದು ಅವಸರದಲ್ಲಿ ನಿಲ್ಲಿಸಿದ್ದಾರೆ. ಕೆಳಗಿಂದ ನೋಡೋರಿಗೆ ಕಾಣ್ಲಿ ಅಂತ ರಸ್ತೆ ಕಡೆ ತಿರುಗಿಸಿದ್ದಾರೆ. ಅವರಿಗೇನು ಗೊತ್ತು ದಕ್ಷಿಣ, ಉತ್ತರ?"

"ಸುಳ್ಳು ಸುಳ್ಳೇ ಕಣೇ."

"ಹೌದು, ಸುಳ್ಳೇ. ಹೇಳಿಸಿದ್ದು ಯಾರು? ಊರೆಲ್ಲ ಕತ್ತೆತ್ತಿ ನೋಡ್ಕೊಂಡು, ಅವರಿಗೆ ಎಷ್ಟು ಎಸಿ, ಇವರಿಗೆ ಎಷ್ಟು ಟ್ಯಾಂಕು ಅಂತ ಹೇಳ್ಕೊಂಡು ಬಂದಿದ್ದು ನೀವಲ್ವಾ? ನಿಮ್ಮ ಕಣ್ಣಿಗೆ ಹೆದರಿ ಹೇಳಿದಾರೆ."

ದೊಡ್ಡಮ್ಮ ಅಡುಗೆಮನೆಯಿಂದಲೇ, "ಹೇಳು ಹೇಳು, ನಾನು ಇಷ್ಟು ವರ್ಷ ಹೇಳಿ ಸಾಕಾಯ್ತು" ಎಂದರು.

"ನಾನು ಅಲ್ಲಿಗೇ ಹೋಗೋಳು" ಎಂದಳು ತಂಗಿ. "ಧಾರೆ ಎರೆಯೋರೂ ನೀವೇ. ಎರಡರಲ್ಲಿ ಒಂದನ್ನ ಬಿಡು ಅಂದ್ರೆ ನಾನು ಬಿಡಲ್ಲ. ಭಾನುವಾರ ಭದ್ರಾವತಿಗೆ ಹೋಗ್ತೀನಿ. ಬರೋದಾದ್ರೆ ಬಸ್‌ಸ್ಟ್ಯಾಂಡಿಗೆ ಬನ್ನಿ."

ಭಾನುವಾರ ದೊಡ್ಡಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಮಗಿಂತ ಮೊದಲೇ ನಿಂತಿದ್ದರು. ಕೈಯಲ್ಲಿ ಹಳೇ ರೆಗ್ಝಿನ್ ಚೀಲ. ಒಳಗೆ ಪೈಪ್ ವ್ರೆಂಚು, ಸ್ಪ್ಯಾನರುಗಳು, ಮಟ್ಟ ನೋಡುವ ರಸಮಟ್ಟ. "ನಾನು ಹುಡುಗನ್ನ ನೋಡೋಕೆ ಬರ್ತಿಲ್ಲ, ಸೋಲಾರ್ ನೋಡೋಕೆ" ಎಂದರು. ತಂಗಿ, "ನೋಡಿ, ಯಾವುದನ್ನಾದ್ರೂ ನೋಡಿ" ಎಂದು ಬಸ್ ಹತ್ತಿದಳು.

ಹುಡುಗನ ತಾಯಿ ಗೇಟಿನಲ್ಲೇ ಕೈ ಮುಗಿದರು. "ಅಣ್ಣ, ರಸ್ತೆಗೆ ಕಾಣ್ಲಿ ಅಂತ ನಾನೇ ಹಂಗೆ ನಿಲ್ಲಿಸ್ದೆ. ಸುಡುತ್ತೆ ಅಂತ ಯಾಕೆ ಅಂದ್ನೋ, ಬಾಯಿಗೆ ಬಂದ್ಬಿಡ್ತು." ದೊಡ್ಡಪ್ಪ ಅದಕ್ಕೆ ಉತ್ತರ ಕೊಡದೆ, "ಏಣಿ ಎಲ್ಲಿದೆ?" ಎಂದು ಕೇಳಿದರು.

ಆ ದಿನ ಅಳತೆ ಮಾತ್ರ ಆಯಿತು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಅದಕ್ಕೆ ಇಟ್ಟಿಗೆಯ ಕಟ್ಟೆ ಬೇಕು, ಅದೂ ಭಾರ ತಡೆಯುವಂತೆ ಕೆಳಗೆ ಗೋಡೆ ಹಾದುಹೋಗಿರುವ ಕಡೆಯೇ ಬೇಕು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದರು. ಕಟ್ಟೆ ಕಟ್ಟಿ, ಒಣಗಿ, ಹುಡುಗ ಫೋನ್ ಮಾಡಿದ ಮೇಲೆ ಮತ್ತೆ ಹೋದರು. ನಾನೂ ಹೋಗಿದ್ದೆ. ಖಾಲಿ ಟ್ಯಾಂಕನ್ನು ಹುಡುಗ, ಅವನ ತಂದೆ, ಪಕ್ಕದ ಮನೆಯ ಇಬ್ಬರು ಸೇರಿ ಕಟ್ಟೆಗೆ ಏರಿಸಿದರು. ಆಮೇಲೆ ಪ್ಯಾನೆಲ್ಲನ್ನು ಬಿಚ್ಚಿ ದಕ್ಷಿಣಕ್ಕೆ ತಿರುಗಿಸುವ ಕೆಲಸ. ದೊಡ್ಡಪ್ಪ ಬೈಯುತ್ತಲೇ ಇದ್ದರು. "ಎಕ್ಸ್‌ರೇ ತೆಗೆಯೋನು ನೀನು, ಬೋಲ್ಟು ಕಾಣಲ್ವೇನೋ? ಬಿಗಿ ಮಾಡು. ಅಷ್ಟಲ್ಲ ಮಾರಾಯ, ಗಾಜು ಒಡೆದೀಯ!" ಹುಡುಗ, "ಆಯ್ತು ಸಾರ್" ಎನ್ನುತ್ತಿದ್ದ. ಒಂದು ಹೊತ್ತಿನಲ್ಲಿ ಅದು "ಆಯ್ತು ದೊಡ್ಡಪ್ಪ" ಆಯಿತು. ಯಾರೂ ತಿದ್ದಲಿಲ್ಲ.

ಗಾಳಿ ಹೊರಹೋಗುವ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲಿಸಿ, ನೀರು ಬಿಟ್ಟಾಗ ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಊಟ ಮಾಡಿ ಕಾದೆವು. ರಸ್ತೆಯಲ್ಲಿ ನಿಂತು ನೋಡಿದರೆ ಈಗ ಗಾಜು ಕಾಣುತ್ತಿರಲಿಲ್ಲ, ಪ್ಯಾನೆಲ್ಲಿನ ತಗಡಿನ ಬೆನ್ನು ಮಾತ್ರ. ಸಂಜೆಗೆ ಮೊದಲು ಹುಡುಗನ ತಾಯಿ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಕೈಯೊಡ್ಡಿ, "ಅಯ್ಯಯ್ಯೋ" ಎಂದು ಕೂಗಿದರು. ತಂಗಿ ಓಡಿದಳು. ದೊಡ್ಡಪ್ಪ ಕೂತಲ್ಲಿಂದ ಏಳದೆ, "ಸುಡುತ್ತೆ, ಹುಷಾರು" ಎಂದರು.

ಮದುವೆಯಾಯಿತು. ಧಾರೆ ಅವರೇ ಎರೆದರು. ಎರಡೂ ಕೈ ಹಿಡಿಸಿ, ನೀರು ಸಣ್ಣಗೆ ಬೀಳುವಂತೆ ತಂಬಿಗೆಯನ್ನು ವಾಲಿಸಿದ್ದು ನೆನಪಿದೆ; ಇದು ಫೋಟೋ ನೋಡಿ ಬಂದ ನೆನಪೂ ಇರಬಹುದು.

ಆದರೆ ಅವರು ಒಪ್ಪಿದ್ದು ಯಾವಾಗ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸರಿ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಮನೆಯಲ್ಲಿ ಯಾರೂ ಇಲ್ಲ. ತಾವು ಸರಿಮಾಡಿದ ಸೋಲಾರಿನಿಂದ ಬಿಸಿನೀರು ಬಂದ ಮೇಲೆ ಆ ಮನೆ ಅವರಿಗೆ ಬೇರೆಯಾಗಿ ಕಂಡಿತೋ, ಅಥವಾ ತಪ್ಪಾಗಿ ಕೂತ ಪ್ಯಾನೆಲ್ಲನ್ನು ಹಾಗೇ ಬಿಟ್ಟು ಬರುವುದು ಅವರಿಂದ ಆಗದ ಕೆಲಸವಾಗಿತ್ತೋ. ಮೊನ್ನೆ ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುವಾಗ ಕೇಳಿಯೇ ಬಿಟ್ಟೆ. ಅವರು ಲೋಟ ಕೆಳಗಿಟ್ಟು, ಎದುರುಮನೆಯ ಮೇಲೆ ಹೊಸದಾಗಿ ಬಂದ ಎಸಿಯ ಕಡೆ ನೋಡುತ್ತ ಕೂತರು. ನಾನು ಕೇಳಿದ್ದು ಇಷ್ಟೇ:

"ದೊಡ್ಡಪ್ಪ, ಆ ಸೋಲಾರ್ ಸರಿಮಾಡೋಕೆ ಆಗದೇ ಹೋಗಿದ್ರೂ ನೀವು ಧಾರೆ ಎರೀತಿದ್ರಾ?"