ಮುಲಾಮಿನ ಟ್ಯೂಬಿನ ಮೂತಿಯಲ್ಲಿ ಕಪ್ಪು

ಆಗ ನನಗೆ ನಲವತ್ತು ದಾಟಿತ್ತು. ಈಗ ಎಂಬತ್ತು ದಾಟಿದೆ. ನಡುವೆ ನಲವತ್ತು ವರ್ಷ ಹೋಯಿತು, ಏನೇನೋ ಮರೆತೂ ಹೋಯಿತು. ಈ ಸಂಗತಿ ಮರೆತಿಲ್ಲ.

ಯಲಹಂಕದ ಹಳೇ ಊರಿನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ದೊಡ್ಡ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣು ಕೂಸು. ಹುಟ್ಟಿ ವಾರವಾಗಿರಲಿಲ್ಲ, ಒಂದು ಬೆಳಗ್ಗೆ ನೋಡಿದರೆ ಕೂಸಿನ ಬಲಗಣ್ಣು ಅಂಟಿಕೊಂಡಿದೆ, ರೆಪ್ಪೆ ಊದಿದೆ, ಹಳದಿ ಕೀವು. ಪಕ್ಕದ ಮನೆಯವರು ಕಣ್ಣಿಗೆ ಎದೆಹಾಲು ಬಿಡಿ ಎಂದರು. ಹಿಂದಿನ ಮನೆಯವರು ಹರಳೆಣ್ಣೆ ಎಂದರು. ನಾನು ಯಾರ ಮಾತೂ ಕೇಳಲಿಲ್ಲ. ನನ್ನ ತವರಿನಲ್ಲಿ ಹಾಗೇ ಬಿಟ್ಟ ಒಂದು ಹುಡುಗಿಯ ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೆ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ನೋಡಿ, ಹತ್ತಿಯಲ್ಲಿ ಕೀವು ತೆಗೆದು, ಒಂದು ಚಿಕ್ಕ ಟ್ಯೂಬು ಮುಲಾಮು ಕೊಟ್ಟರು. ಹಾಕುವುದನ್ನು ತೋರಿಸಿದ್ದು ನರ್ಸಮ್ಮ.

"ಮೊದ್ಲು ಕೈ ಸೋಪಲ್ಲಿ ತೊಳ್ಕೋಬೇಕು. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಆಚೆಗೆ ಒಂದೇ ಸಲ ಒರ್ಸಿ ಬಿಸಾಕ್ಬೇಕು. ಅದೇ ಹತ್ತಿ ಇನ್ನೊಂದು ಕಣ್ಣಿಗೆ ಮುಟ್ಟಿಸ್ಬಾರ್ದು, ತಿಳೀತಾ?"

"ತಿಳೀತು."

"ಕೈ ಎರಡೂ ಒಳಗಿರೋ ಹಾಗೆ ಬಟ್ಟೇಲಿ ಸುತ್ತಿ ಮಲಗಿಸಿ. ಒಬ್ರು ತಲೆ ಹಿಡೀಬೇಕು, ಎರಡೂ ಅಂಗೈ ಕೆನ್ನೆ ಪಕ್ಕ. ನೆತ್ತಿ ಒತ್ತಬಾರ್ದು, ಅಲ್ಲಿ ಮೆತ್ತಗಿರುತ್ತೆ. ಹಾಕೋರು ಈ ಕೆಳಗಿನ ರೆಪ್ಪೆ ಮೆಲ್ಲಗೆ ಕೆಳಗೆಳೀಬೇಕು. ನೋಡಿ, ಒಂದು ಜೇಬು ಥರ ಆಗುತ್ತಲ್ಲ? ಅದರೊಳಕ್ಕೆ ಅಕ್ಕಿ ಕಾಳಿನಷ್ಟು. ಗುಡ್ಡೆ ಮೇಲಲ್ಲ. ಟ್ಯೂಬಿನ ಮೂತಿ ಕಣ್ಣಿಗೆ, ರೆಪ್ಪೆಗೆ, ನಿಮ್ಮ ಬೆರಳಿಗೆ, ಎಲ್ಲಿಗೂ ತಾಕಬಾರ್ದು. ಟ್ಯೂಬು ಹಿಡಿದ ಕೈ ಮಗೂ ಹಣೆ ಮೇಲೆ ಊರಿಕೊಳ್ಳಿ. ಮಗು ಕೊಸರಿದ್ರೆ ಕೈನೂ ಜೊತೇಲಿ ಹೋಗುತ್ತೆ, ಚುಚ್ಚಲ್ಲ."

ಕೂಸಿನ ಮೇಲೆ ಮಾಡಿಯೇ ತೋರಿಸಿದರು. ಕೂಸು ಅತ್ತಿತು, ಕಣ್ಣು ಮುಚ್ಚಿತು, ಮುಲಾಮು ತಾನಾಗಿ ಕರಗಿ ಹರಡಿತು. "ಸ್ವಲ್ಪ ಹೊತ್ತು ಮಂಜು ಮಂಜಾಗಿರುತ್ತೆ, ಗಾಬರಿ ಬೇಡ. ಕಾಡಿಗೆ ಹಚ್ಚೋ ಹಾಗಿಲ್ಲ. ಈ ಟ್ಯೂಬು ಇವಳೊಬ್ಬಳಿಗೇ" ಎಂದರು.

ಮನೆಗೆ ಬಂದರೆ ಜಗಲಿಯ ಮೇಲೆ ಬೀಗಿತಿ ಕೂತಿದ್ದಾಳೆ. ಅಳಿಯನ ತಾಯಿ. ಸೋಲದೇವನಹಳ್ಳಿಯಿಂದ ಬಂದವಳು, ಮೊಮ್ಮಗಳಿಗೆ ಹೆಸರಿಡುವವರೆಗೆ ಇರುತ್ತೇನೆಂದು ಗಂಟು ಕಟ್ಟಿಕೊಂಡೇ ಬಂದಿದ್ದಳು. ದೊಡ್ಡ ಹೆಂಗಸು, ಕಣ್ಣಿಗೆ ದಪ್ಪ ಕಾಡಿಗೆ. ಆ ಕಾಡಿಗೆಯನ್ನು ತಾನೇ ಹರಳೆಣ್ಣೆ ದೀಪದಲ್ಲಿ ಹಿಡಿದು ಮಾಡುತ್ತಿದ್ದಳು, ಡಬ್ಬಿ ಸದಾ ಸೊಂಟದಲ್ಲಿ. ಕೂಸಿನ ಕಣ್ಣು ನೋಡಿದಳು.

"ನಮ್ಮನೇಲಿ ಯಾರ್ಗೂ ಇಂಥ ಕಣ್ಣಿಲ್ಲ ಕಣಮ್ಮ" ಎಂದಳು.

"ಹುಟ್ಟಿದ ಕೂಸಿನ ಮನೆ ಯಾವುದು ಅಂತ ಕೀವಿಗೆ ಗೊತ್ತಾ ಬೀಗಿತೀ?" ಎಂದೆ ನಾನು.

ಅಲ್ಲಿಗೆ ನನಗೆ ಮೊದಲ ಅನುಮಾನ ಹುಟ್ಟಿತು. ಈ ಕಣ್ಣು ಕೆಟ್ಟರೆ ಇವಳು ಊರೆಲ್ಲ ಹೇಳಿಕೊಂಡು ಬರುವುದು ನನ್ನ ಮಗಳ ಮೇಲೆಯೇ. ಕೂಸಿಗೆ ಕಣ್ಣಿಲ್ಲ, ಮಗಳಿಗೆ ಮಾನವಿಲ್ಲ, ಎರಡೂ ಒಟ್ಟಿಗೆ.

ಮುಲಾಮು ಹಾಕುವಾಗ ತಲೆ ಹಿಡಿಯುವವರು ಬೇಕಲ್ಲ. ಮಗಳು ಹೆದರುಪುಕ್ಕಲಿ. ಕೂಸು ಕಿರುಚಿದ ಕೂಡಲೇ ಅವಳೂ ಅಳುತ್ತ ಕೈ ಬಿಡುತ್ತಿದ್ದಳು. "ಸರಿ ಅತ್ಲಾಗೆ, ಹಾಲು ಕುಡಿಸೋಕೆ ಮಾತ್ರ ಬಾ" ಎಂದು ಬೀಗಿತಿ ಅವಳನ್ನು ಎಬ್ಬಿಸಿ ತಾನೇ ಕೂತಳು. ಹಿಡಿತ ಗಟ್ಟಿ, ಸುಳ್ಳು ಹೇಳಬಾರದು. ಎಷ್ಟೋ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದ ಕೈ ಅದು. ಕೂಸಿನ ತಲೆ ಅಲ್ಲಾಡುತ್ತಿರಲಿಲ್ಲ. ಆದರೆ ನಾನು ಕೆಳರೆಪ್ಪೆ ಎಳೆದಾಗಲೆಲ್ಲ ಅವಳು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಎಷ್ಟು ಹಾಕುತ್ತೇನೆ, ಎಲ್ಲಿ ಹಾಕುತ್ತೇನೆ ಎಂದು ಒಂದೇ ಸಮ ನೋಡುತ್ತಿದ್ದಳು. ಹಾಗೇಕೆ ನೋಡುತ್ತಾಳೆ ಎಂದುಕೊಂಡೆ.

ಬಲಗಣ್ಣಿನ ಊತ ಇಳಿಯಿತು. ಕೀವು ನಿಂತಿತು. ಹೇಳಿದಷ್ಟು ದಿನ ಹಾಕಿ ಮುಗಿಸಲೇಬೇಕು, ವಾಸಿಯಾಯಿತೆಂದು ನಿಲ್ಲಿಸಬಾರದು ಎಂದು ಡಾಕ್ಟರಮ್ಮ ಅಂದಿದ್ದರಿಂದ ಹಾಕುತ್ತಲೇ ಇದ್ದೆ. ಅಷ್ಟರಲ್ಲಿ ಎರಡೂ ಕಣ್ಣು ಕೆಂಪಾದವು. ಎಡಗಣ್ಣು ಬಲಗಣ್ಣಿಗಿಂತ ಕೆಟ್ಟದಾಗಿ ಅಂಟಿತು.

ಬೀಗಿತಿ ತೊಟ್ಟಿಲ ಪಕ್ಕ ಕೂತು, "ಆ ಇಂಗ್ಲಿಷ್ ಮದ್ದು ಕಣ್ಣ ತಿಂತದೆ ಅಂತ ಅವತ್ತೇ ಏಳ್ಲಿಲ್ವಾ?" ಎಂದಳು.

"ನೀವು ಏನೂ ಹೇಳ್ಲಿಲ್ಲ."

"ಮನ್ಸಲ್ಲಿ ಏಳ್ಕೊಂಡಿದ್ದೆ."

ಅದೇ ಮಧ್ಯಾಹ್ನ ಟ್ಯೂಬು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಎರಡು ಸಂಗತಿ ಕಂಡವು. ನಾನು ಅಕ್ಕಿ ಕಾಳಿನಷ್ಟು ಹಾಕುತ್ತಿದ್ದರೂ ಟ್ಯೂಬು ಅರ್ಧಕ್ಕಿಂತ ಚಪ್ಪಟೆಯಾಗಿತ್ತು. ಮೂತಿಯ ಅಂಚಿನಲ್ಲಿ ಕಪ್ಪು ಹತ್ತಿತ್ತು. ಬೆರಳಲ್ಲಿ ಉಜ್ಜಿ ಮೂಸಿದೆ. ಕಾಡಿಗೆ.

ಈಗ ನೀವೇ ಹೇಳಿ, ಯಾರಿಗೆ ಅನುಮಾನ ಬರುವುದಿಲ್ಲ? ಕದ್ದು ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದಾಳೆ, ಮುಲಾಮನ್ನು ಹಿಂಡಿ ಬಚ್ಚಲಿಗೆ ಬಿಡುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಕೂಸಿನ ಕಣ್ಣು ನೋಡಿದೆ. ರೆಪ್ಪೆಯಲ್ಲಿ ಕಪ್ಪಿನ ಸುಳಿವಿಲ್ಲ. ಹತ್ತಿಯಲ್ಲಿ ಒರೆಸಿದೆ, ಹತ್ತಿಗೂ ಹತ್ತಲಿಲ್ಲ. ಕಾಡಿಗೆ ಹಚ್ಚಿದ್ದರೆ ಅಷ್ಟು ಬೇಗ ಹೋಗುತ್ತದೆಯೇ? ನನ್ನ ಲೆಕ್ಕ ಕೂಡಲಿಲ್ಲ. ಮಗಳನ್ನು ಕೇಳಿದೆ.

"ನಿಮ್ಮತ್ತೆ ಟ್ಯೂಬು ಮುಟ್ತಾಳೇನೇ?"

"ನಾನು ನಿದ್ದೆ ಹೋಗಿರ್ತೀನಲ್ಲಮ್ಮ."

ಬಾಣಂತಿ, ಹೋಗಿರುತ್ತಾಳೆ. ಆ ಟ್ಯೂಬು ಆಗ ಕೂಸಿಗೆ ಹಾಕುವಂಥದ್ದಲ್ಲ ಎಂದು ನನ್ನ ಬುದ್ಧಿಗೇ ತೋಚಿತು. ಆ ಹೊತ್ತಿನ ಮುಲಾಮು ಹಾಕಲಿಲ್ಲ, ಕಾಯಿಸಿದ ನೀರಲ್ಲಿ ಕಣ್ಣು ಒರೆಸಿ ಮಲಗಿಸಿದೆ. ಆದರೆ ಟ್ಯೂಬನ್ನು ಎಸೆಯಲೂ ಇಲ್ಲ. ಗೋಡೆಯ ಗೂಡಿನಲ್ಲಿ ಎಂದಿನಂತೆ ಲೋಟ ಕವಿಚಿ ಮುಚ್ಚಿಟ್ಟೆ. ಕೊಡ ತೆಗೆದುಕೊಂಡು, "ನಲ್ಲೀಲಿ ಸಾಲು ಉದ್ದ ಇದೆ, ಹೊತ್ತಾಗುತ್ತೆ" ಎಂದು ಜೋರಾಗಿ ಹೇಳಿ ಹೊರಟೆ. ಕೊಡವನ್ನು ಸಾಲಿನಲ್ಲಿಟ್ಟು, ಹಿಂದಿನ ಓಣಿಯಿಂದ ಬಚ್ಚಲ ಕಡೆಗೆ ಬಂದು, ಹಿತ್ತಲ ಬಾಗಿಲ ಸಂದಿಯಿಂದ ಒಳಗೆ ಇಣುಕಿದೆ.

ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಕೂಸು ತೊಟ್ಟಿಲಲ್ಲಿ. ಬೀಗಿತಿ ಗೂಡಿನಿಂದ ಟ್ಯೂಬು ತೆಗೆದಳು. ನಾನು ಒಳಗೆ ನುಗ್ಗಲು ಕಾಲೆತ್ತಿದೆ. ಅವಳು ತೊಟ್ಟಿಲ ಕಡೆ ಹೋಗಲಿಲ್ಲ. ಗೋಡೆಯಲ್ಲಿ ನೇತುಹಾಕಿದ್ದ ಕನ್ನಡಿಯ ಮುಂದೆ ನಿಂತು, ಮೂಗು ತಾಗುವಷ್ಟು ಹತ್ತಿರ ಮುಖ ಒಯ್ದು, ತನ್ನ ಕೆಳರೆಪ್ಪೆ ಎಳೆದಳು. ಮುಲಾಮು ಬಿಟ್ಟಳು. ಅಕ್ಕಿ ಕಾಳಿನಷ್ಟಲ್ಲ, ಹುಣಸೆ ಬೀಜದಷ್ಟು. ಟ್ಯೂಬಿನ ಮೂತಿ ಅವಳ ಕಾಡಿಗೆಯ ರೆಪ್ಪೆಗೆ ತಾಗಿ ಹೊರಟಿತು.

"ಚೆನ್ನಾಗಿದೆ ಬೀಗಿತೀ!" ಎಂದೆ.

ಅವಳು ಬೆಚ್ಚಿ ತಿರುಗಿದಳು. ಒಂದು ಕಣ್ಣಲ್ಲಿ ಮುಲಾಮು, ಇನ್ನೊಂದು ರಕ್ತದಂತೆ ಕೆಂಪು. ಒಲೆಯ ಹೊಗೆಯಿಂದ ಎಂದು ಅವಳು ದಿನವೂ ಹೇಳುತ್ತಿದ್ದ ಕೆಂಪು. ನಾನು ಅದನ್ನು ಕಾಡಿಗೆಯ ನಡುವೆ ಸರಿಯಾಗಿ ನೋಡಿಯೇ ಇರಲಿಲ್ಲ.

"ನೋಡ್ಬುಟ್ರಾ?" ಎಂದಳು.

"ಕೂಸಿನ ಮದ್ದು ಕದೀತೀರಲ್ಲ, ನಾಚಿಕೆ ಆಗಲ್ವಾ?"

"ಕೂಸಿಗೆ ಆಕೋದು ಅಂದ್ರೆ ಮೆತ್ತಗಿರ್ತದೆ ಅಂತ..." ಎಂದು ತಡವರಿಸಿದಳು. ಆಮೇಲೆ ದನಿ ಇಳಿಸಿದಳು. "ಬರೋಕ್ ಮುಂಚಿಂದ್ಲೂ ಇಂಗೇ ಐತೆ. ಬೆಳಗ್ಗೆ ರೆಪ್ಪೆ ಬಿಡಾಕಾಗಲ್ಲ. ನಮ್ಮೂರಲ್ಲಿ ಏಳಿದ್ರೆ ಕಣ್ ಓಯ್ತು ಮುದುಕೀಗೆ ಅಂತಾರೆ. ದೊಡ್ಡ ಸೊಸೆ ಹಾಲ್ ಕರೆಯೋ ಚೆಂಬು ಕಿತ್ಕೊಂಡು ಮೂಲೇಲಿ ಕೂರ್ಸ್ತಾಳೆ. ಅದ್ಕೇ ಕಾಡ್ಗೆ ಬಳ್ಕೊಂಡಿರೋದು."

"ಆ ಕಣ್ಣಿಗೆ ತಾಗಿಸಿದ ಮೂತಿ ಇಟ್ಕೊಂಡೇ ನಾನು ಕೂಸಿಗೆ ಹಾಕ್ತಿದ್ದೆನಲ್ರೀ! ತಲೆ ಹಿಡಿಯೋ ಕೈನೂ ಅದೇ, ಕಣ್ಣುಜ್ಜೋ ಕೈನೂ ಅದೇ. ನೀವು ಕೂಸಿಗೆ ಇನ್ನೇನು ಉಳಿಸಿದ್ರಿ?"

ಅವಳಿಗೆ ಅದು ಹೊಳೆದಿರಲೇ ಇಲ್ಲ. ತಿಳಿದ ಕ್ಷಣ ಕೈಯೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು, ಉರಿಯುವ ಕೆಂಡ ಹಿಡಿದವಳ ಹಾಗೆ ತೊಟ್ಟಿಲಿಂದ ದೂರ ಸರಿದಳು. ಮಗಳು ಎದ್ದು ಕೂತಿದ್ದಳು. "ಅತ್ತೇ" ಎಂದಳು. ಬೀಗಿತಿ ಅಂದು ಊಟ ಮಾಡಲಿಲ್ಲ, ಜಗಲಿಯಲ್ಲಿ ಬೇರೆ ಚಾಪೆ ಹಾಕಿಕೊಂಡಳು. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ನಿಜವನ್ನೇ ಹೇಳುತ್ತಿದ್ದಾಳೆಯೇ ಎಂದು ಬಹಳ ಹೊತ್ತು ಯೋಚಿಸಿದೆ. ಅವಳ ದಿಂಬಿನ ಬಟ್ಟೆಗೆ ಹತ್ತಿದ್ದ ಕೀವಿನ ಕಲೆ ನೋಡಿದ ಮೇಲೆ ನಂಬಿದೆ.

ಮಾರನೆಯ ಬೆಳಗ್ಗೆ ಆ ಟ್ಯೂಬನ್ನು ಬಚ್ಚಲ ಒಲೆಗೆ ಹಾಕಿದೆ. ಬೀಗಿತಿಯ ಕಾಡಿಗೆಯನ್ನು ತೊಳೆಸಿ, ಅವಳ ಡಬ್ಬಿ ಕಿತ್ತುಕೊಂಡು ಅಟ್ಟಕ್ಕೆಸೆದು, ಕೂಸನ್ನೂ ಅವಳನ್ನೂ ಮಗಳನ್ನೂ ಕರೆದುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಡಾಕ್ಟರಮ್ಮ ಕೂಸಿನ ಕಣ್ಣನ್ನು ದೀಪ ಹಿಡಿದು ನೋಡಿ, ಕರಿಗುಡ್ಡೆಗೆ ಇನ್ನೂ ಏನೂ ಆಗಿಲ್ಲ, ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು. ಬೀಗಿತಿಯ ಕಣ್ಣೂ ವಾಸಿಯಾಗುವಂಥದ್ದೇ, ಆದರೆ ಅಲ್ಲಿಯವರೆಗೆ ಕೂಸನ್ನು ಮುಟ್ಟಬಾರದು ಎಂದು ಎರಡು ಟ್ಯೂಬು ಕೊಟ್ಟರು. ಕೂಸಿನದಕ್ಕೆ ಅಲ್ಲೇ ಕೆಂಪು ದಾರ ಕಟ್ಟಿದೆ.

ಮನೆಗೆ ಬಂದು ಮಗಳ ಕೈ ತೊಳೆಸಿ ಕೂರಿಸಿದೆ. "ಇನ್ಮೇಲೆ ತಲೆ ಹಿಡಿಯೋಳು ನೀನೇ. ಅಳೋದಿದ್ರೆ ಅಳು, ಕೈ ಮಾತ್ರ ಬಿಡ್ಬೇಡ." ಅವಳು ಅತ್ತಳು. ಕೈ ಬಿಡಲಿಲ್ಲ. ಕೂಸಿನ ಎರಡೂ ಕಣ್ಣಿನ ಜೇಬಿಗೆ ಒಂದೊಂದು ಕಾಳು ಹಾಕಿದೆ.

ಮತ್ತೆ ಸೋಪು ಹಾಕಿ ಕೈ ತೊಳೆದು, ಜಗಲಿಯ ಚಾಪೆಯ ಮೇಲೆ ಬೀಗಿತಿಯನ್ನು ಅಂಗಾತ ಮಲಗಿಸಿದೆ. ಮೂತಿ ಹತ್ತಿರ ಬಂದ ಕೂಡಲೇ ಅಷ್ಟು ದೊಡ್ಡ ಹೆಂಗಸು ತಲೆ ಕೊಸರಿದಳು.

"ಅಲ್ಲಾಡ್ಬೇಡಿ ಬೀಗಿತೀ, ನಿಮಗಿಂತ ಕೂಸೇ ವಾಸಿ" ಎಂದೆ.

"ಮೆತ್ತಗೆ ಆಕ್ರಮ್ಮ" ಎಂದಳು.

ಹಾಕಿ ಮುಗಿಸಿ, ಅವಳ ಟ್ಯೂಬನ್ನು ಗೂಡಿನಲ್ಲಿಟ್ಟೆ. ಕೆಂಪು ದಾರದ್ದನ್ನು ಮಾತ್ರ ಗೂಡಿಗಿಡದೆ ನನ್ನ ಸೊಂಟದ ಚೀಲಕ್ಕೆ ಹಾಕಿಕೊಂಡು ನೀರಿಗೆ ಹೊರಟೆ.