ಬಾರದ ದಿನದ ಸಹಿ

ಕೆಂಪಾಜಮ್ಮನಿಗೆ ಕೋಪ ಬಂದರೆ ದನಿ ಏರುವುದಿಲ್ಲ. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸತೊಡಗುತ್ತಾರೆ. ಗಾಜು ಎಷ್ಟು ಹೊತ್ತು ಒರೆಸಿದರೋ ಅಷ್ಟು ಕೋಪ ಎಂದು ಲೆಕ್ಕ. ಮೂವತ್ತೆಂಟು ವರ್ಷ ಲೊಕ್ಕನಹಳ್ಳಿ ಸುತ್ತಿನ ಊರುಗಳಲ್ಲಿ ಸೂಜಿ, ಮಾತ್ರೆ, ಬಾಣಂತಿ ಆರೈಕೆ ಅಂತ ನಡೆದಾಡಿದವರು. ಆ ಕಡೆಯವರಿಗೆ ಇವತ್ತಿಗೂ ಅವರು ನರ್ಸಮ್ಮ. ನಿವೃತ್ತಿಯ ದುಡ್ಡು ಹಾಕಿ ಕೊಳ್ಳೇಗಾಲದಲ್ಲಿ ನಾಲ್ಕನೇ ಮಹಡಿಯ ಮನೆ ಕೊಂಡಾಗ ನೆಂಟರೆಲ್ಲ ನಕ್ಕಿದ್ದರು. "ಬೆಟ್ಟ ಅತ್ತಿದ್ದು ಸಾಲ್ದಾ ನರ್ಸಮ್ಮ?" ಎಂದಿದ್ದರು. "ಲಿಫ್ಟ್ ಅದೆ ಕಣ್ರೋ, ಬೆಟ್ಟಕ್ಕೆಲ್ಲಿತ್ತು?" ಎಂದು ಇವರೂ ನಕ್ಕಿದ್ದರು.

ಆ ಭಾನುವಾರ ಬೆಳಿಗ್ಗೆ ಲಿಫ್ಟ್ ನಿಂತು ಮೂರು ದಿನವಾಗಿತ್ತು. ಎಪ್ಪತ್ತೆರಡು ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಒತ್ತಿಕೊಂಡು, ಕೆಂಪಾಜಮ್ಮ ಕೆಳಗಿನ ಪಾರ್ಕಿಂಗಿಗೆ ಬರುವಷ್ಟರಲ್ಲಿ ಕನ್ನಡಕ ಆಗಲೇ ಕೈಯಲ್ಲಿತ್ತು.

ಕೋಪಕ್ಕೆ ಕಾರಣ ಮೇಲೆ ಮನೆಯಲ್ಲಿತ್ತು. ಗಂಡ ಚಿಕ್ಕಸಿದ್ದಯ್ಯನಿಗೆ ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋದರೆ ಕಾಲು ಬರುತ್ತದೆ, ತಪ್ಪಿಸಿದರೆ ಬರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಈ ನಾಲ್ಕು ತಿಂಗಳಲ್ಲಿ ಲಿಫ್ಟ್ ಕೆಟ್ಟು ತಪ್ಪಿದ್ದು ಹತ್ತೊಂಬತ್ತು ಸಲ. ಒಮ್ಮೆಯಂತೂ ಕರೆಂಟು ಹೋಗಿ, ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ ಗಾಲಿಕುರ್ಚಿ ಸಮೇತ ಒಂದೂಮುಕ್ಕಾಲು ಗಂಟೆ ಗಂಡಹೆಂಡಿರಿಬ್ಬರೂ ಸಿಕ್ಕಿಕೊಂಡಿದ್ದರು. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಬ್ಯಾಟರಿ ಒಂದಿರುತ್ತದೆ. ಅದು ಸತ್ತು ಎಷ್ಟು ದಿನವಾಗಿತ್ತೋ, ಯಾರೂ ನೋಡಿರಲಿಲ್ಲ. ಅವತ್ತು ಕತ್ತಲಲ್ಲಿ ಚಿಕ್ಕಸಿದ್ದಯ್ಯ ತೊದಲುತ್ತಾ ಹೇಳಿದ್ದು ಒಂದೇ ಮಾತು: "ನನ್ ಬುಟ್ಬುಡು, ಇನ್ ಕೆಳೀಕ್ ಬರಕಿಲ್ಲ ನಾನು." ಅಲ್ಲಿಂದಾಚೆ ಕುರ್ಚಿಯಲ್ಲಿ ಕೂರಿಸುವುದೇ ದಿನಕ್ಕೊಂದು ಜಗಳ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಹದಿನಾರು ಮನೆಗೆ ಹದಿಮೂರು ಮನೆಯವರು ಬಂದಿದ್ದರು. ಅಧ್ಯಕ್ಷ ಸದಾಶಿವಪ್ಪ ರೇಷ್ಮೆ ಸೀರೆ ವ್ಯಾಪಾರಿ, ಅವರ ಮನೆ ಮೊದಲ ಮಹಡಿ. ಶಾಲೆ ಟೀಚರ್ ರೂಪ ಕಾರ್ಯದರ್ಶಿ, ನಡಾವಳಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಲಿಫ್ಟ್ ನೋಡಿಕೊಳ್ಳುವ ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಈಗಿನವರದೊಂದು ಕೊಟೇಶನ್, ಹೊಸಬರದೊಂದು. ಎರಡನ್ನೂ ನೋಡಿ ಹೇಳಿ ಎಂದು ಹೋದ ಸಭೆ ಕೆಂಪಾಜಮ್ಮನಿಗೇ ವಹಿಸಿತ್ತು. ಬೇರೆ ಯಾರೂ ಕೈಯೆತ್ತಿರಲಿಲ್ಲ.

"ಬೇಗ ಮುಗುಸ್ಬುಡಿ ನರ್ಸಮ್ಮ," ಸದಾಶಿವಪ್ಪ ಗಡಿಯಾರ ನೋಡಿದರು. "ಇಬ್ರಿಗೂ ಲೈಸೆನ್ಸ್ ಅದೆ. ಈಗಿರೋ ಗಗನ ಲಿಫ್ಟ್‌ನೋರು ವರ್ಷಕ್ಕೆ ಇಪ್ಪತ್ನಾಲ್ಕು ಸಾವ್ರ. ನಿಸರ್ಗದೋರು ಐವತ್ನಾಲ್ಕು ಸಾವ್ರ. ಒಂದ್ನೇ ಕ್ಲಾಸ್ ಮಗೂಗೂ ಗೊತ್ತಾಯ್ತದೆ."

"ಒಂದ್ನೇ ಕ್ಲಾಸ್ ಮಗು ಕೆಳಗಡೆ ಬರ್ದಿರದ್ನೂ ಓದ್ತದೆ ಸದಾಶಿವಪ್ನೋರೇ. ನೀವು ಮ್ಯಾಲಿಂದ್ ಮಾತ್ರ ಓದಿದ್ದೀರಿ."

ಯಾರೋ ಕಿಸಕ್ಕೆಂದರು. ಕೆಂಪಾಜಮ್ಮ ಕನ್ನಡಕ ಹಾಕಿಕೊಂಡು ಎರಡು ಹಾಳೆ ತೆಗೆದರು. ದನಿ ಮಾತ್ರ ಮಾತ್ರೆ ಹೇಗೆ ನುಂಗಬೇಕೆಂದು ಹೇಳುವ ಅದೇ ಹಳೆಯ ಸಮ ದನಿ.

"ಗಗನದೋರ ಇಪ್ಪತ್ನಾಲ್ಕು ಸಾವ್ರ ಯಾತಕ್ಕೆ? ತಿಂಗಳಿಗೊಂದು ಸಲ ಬಂದು ಎಣ್ಣೆ ಬುಡಕೆ, ಒರ್ಸಕೆ, ನಟ್ಟು ಬಿಗಿ ಮಾಡಕೆ. ಏನ್ ಕೆಟ್ರೂ ಸಾಮಾನಿನ ಕಾಸು ಬೇರೆ. ಓದ ವರ್ಷ ಹಂಗೆ ಕೊಟ್ಟಿದ್ದು ನಲವತ್ತೆರಡೂವರೆ ಸಾವ್ರ, ಬಿಲ್ಲುಗಳು ರೂಪಮ್ಮನ ತಾವವೆ. ನಿಸರ್ಗದೋರ ಐವತ್ನಾಲ್ಕರಲ್ಲಿ ಸಾಮಾನೂ ಸೇರದೆ. ಲಿಫ್ಟ್ ಎಳಿಯೋ ಅಗ್ಗ, ಬಾಗ್ಲ ಸೆನ್ಸರು, ಕಂಟ್ರೋಲ್ ಕಾರ್ಡು, ಬ್ಯಾಟ್ರಿ ಎಲ್ಲಾ. ಸೇರ್ದೇ ಇರದು ಒಳಗಿನ ಕನ್ನಡಿ, ಫ್ಯಾನು, ಮಳೆನೀರು ನುಗ್ಗಿ ಕೆಟ್ಟಿದ್ದು. ಅದ್ನೂ ಏಳ್ತಿದೀನಿ, ಮುಚ್ಚಿಡಕಿಲ್ಲ. ಇನ್ನೊಂದು, ವಯಿಸ್ಕೊಳೋಕ್ ಮುಂಚೆ ಸತ್ತಿರ ಬ್ಯಾಟ್ರಿ, ಸವ್ದಿರ ಬಾಗಿಲ ಲಾಕು ಬದಲಾಯ್ಸಕೆ ಒಂದ್ಸಲಕ್ಕೆ ಅದ್ನಾಲ್ಕು ಸಾವ್ರ ಕೇಳ್ತಾರೆ."

"ನೋಡುದ್ರಾ!" ಮೊದಲ ಮಹಡಿಯ ನಟರಾಜು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಗೊಬ್ಬರದಂಗಡಿ ಅವನದು. "ಬರಕ್ ಮುಂಚೇನೆ ಕೈ ಒಡ್ಡವ್ರೆ. ಅಲ್ಲಾ ನರ್ಸಮ್ಮ, ನಾವು ಮೊದಲ್ನೇ ಮಹಡಿಯೋರು ಲಿಫ್ಟ್ ಅತ್ತೋದೇ ಇಲ್ಲ. ನಾವ್ಯಾಕೆ ಕೊಡ್ಬೇಕು?"

"ನಿನ್ ಮನೆಗೆ ಟೆರೇಸ್ ಟ್ಯಾಂಕಿಂದ ನೀರು ಬರ್ತದಲ್ಲಪ್ಪ, ಅದ್ನ ಮ್ಯಾಲಿಕ್ ಅತ್ಸೋ ಕರೆಂಟಿನ ಕಾಸು ಎಲ್ರೂ ಸೇರಿ ಕಟ್ಟದಿಲ್ವಾ? ತೆರಿಗೆ ಸೇರ್ಸಿ ಎಚ್ಚಿಗೆ ಬೀಳದು ಮನೆಗೆ ತಿಂಗಳಿಗೆ ನೂರಾ ಎಂಬತ್ನಾಲ್ಕು ರೂಪಾಯಿ. ನಿನ್ ಗೊಬ್ಬರದ ಮೂಟೆ ಓದ ವಾರ ಮ್ಯಾಲಿನ ಕುಂಡಗಳಿಗೆ ಅಂತ ಯಾತ್ರಲ್ಲಿ ಓಯ್ತು?"

ಎಲ್ಲರೂ ನಕ್ಕರು. ನಟರಾಜುವಿನ ಹೆಂಡತಿ ಪ್ರೇಮಾ ಕೂಡ ಸೆರಗು ಬಾಯಿಗೆ ಹಿಡಿದರು.

"ಬರೀ ಕಾಗದ ನೋಡಿ ಏಳ್ತಿಲ್ಲ ನಾನು," ಕೆಂಪಾಜಮ್ಮ ಮುಂದುವರಿಸಿದರು. "ಬಸ್ ಅತ್ಕಂಡು ಚಾಮರಾಜನಗರಕ್ ಓಗಿದ್ದೆ. ನಿಸರ್ಗದೋರು ನೋಡ್ಕಳೋ ಬಿಲ್ಡಿಂಗಲ್ಲಿ ವಾಚ್‌ಮನ್ನ ಕೇಳ್ದೆ. ಮೆಕ್ಯಾನಿಕ್ಕು ಅದೇ ಊರಲ್ಲಿ ಮನೆ ಮಾಡವ್ನಂತೆ. ಜನ ಸಿಕ್ಕಂಡ್ರೆ ಒಂದೂವರೆ ಗಂಟೇಲಿ ಬರ್ತೀವಿ ಅಂತ ಬರ್ದೂ ಕೊಟ್ಟವ್ರೆ. ಗಗನದೋರ ಹಾಳೇಲಿ ಏನದೆ? 'ಆದಷ್ಟು ಬೇಗ.' ಎಷ್ಟ್ ಬೇಗ? ಓದ ಭಾನುವಾರ ಬೆಳಿಗ್ಗೆ ಆರಕ್ಕೆ ಇಬ್ರಿಗೂ ಫೋನ್ ಮಾಡ್ದೆ. ನಿಸರ್ಗದೋನು ಎತ್ತಿ, ಯಾರಾದ್ರೂ ಒಳಗವ್ರಾ ಅಂತ ಕೇಳ್ದ. ಗಗನದೋರ್ದು ಇವತ್ತಿಗೂ ಬಡ್ಕತಾನೇ ಅದೆ."

ಸದಾಶಿವಪ್ಪನವರ ಮುಖ ಗಂಟಿಕ್ಕಿತು. ಗಗನದವರನ್ನು ಮೂರು ವರ್ಷದ ಹಿಂದೆ ಗೊತ್ತು ಮಾಡಿದವರು ಅವರೇ. "ಎಲ್ಲಾ ಸರಿ. ಆದ್ರೆ ಆ ಹುಡುಗ್ರು ತಿಂಗ್ತಿಂಗ್ಳೂ ಬಂದು ಸರ್ವಿಸ್ ಮಾಡವ್ರೆ. ಕಾರ್ಡಲ್ಲಿ ಸಹಿ ಅದೆ. ನಾನೇ ಫೋಟೋ ತರಿಸ್ಕಂಡಿವ್ನಿ."

ಕೆಂಪಾಜಮ್ಮ ಕನ್ನಡಕ ತೆಗೆದರು. ಒರೆಸಿದರು. ಒರೆಸುತ್ತಲೇ ಇದ್ದರು.

ಚೀಲದಿಂದ ಅವರು ತೆಗೆದದ್ದು ಒಂದು ದಪ್ಪ ರಟ್ಟು. ಟೆರೇಸಿನ ಮೋಟಾರು ಕೋಣೆಯ ಒಳಗೋಡೆಗೆ ತಂತಿಯಲ್ಲಿ ತೂಗುಬಿಟ್ಟ ಸರ್ವಿಸ್ ಕಾರ್ಡು. ತಿಂಗಳಿಗೊಂದು ಗೆರೆ, ಗೆರೆಗೊಂದು ತಾರೀಖು, ಒಂದು ಸಹಿ.

"ವಾಚ್‌ಮನ್ ಯುಗಾದಿಗೆ ಕೆಲ್ಸ ಬುಟ್ಟೋದ್ಮೇಲೆ ಆ ಕೋಣೆ ಕೀ ಎಲ್ಲದೆ? ನಮ್ಮನೆ ಅಡಿಗೆಮನೆ ಮೊಳೇಲಿ. ಇನ್ನೊಂದ್ ಕೀ ಇಲ್ಲ. ಗಗನದೋನು ಅದ್ನ ಕೇಳ್ಕಂಡ್ ಬಂದಿದ್ದು ಒಂದೇ ಸಲ, ಮೇ ತಿಂಗ್ಳಲ್ಲಿ. ಕಾಲ್ ಗಂಟೆ ಇದ್ದು ಓದ. ಲಿಫ್ಟ್ ಕೆಟ್ಟಾಗೆಲ್ಲಾ ಬಾಗ್ಲ ತಾವೇ ಏನೋ ಮಾಡಿ ಓಡ್ಸಿ ಓಯ್ತಾರೆ, ಮ್ಯಾಲಿಕ್ ಅತ್ತಕಿಲ್ಲ. ಈಗ ನೋಡಿ. ಏಪ್ರಿಲ್ ಅತ್ನೇ ತಾರೀಖು, ಸಹಿ. ಮೇ ಅತ್ತು, ಸಹಿ. ಜೂನ್, ಜುಲೈ, ಸಹಿ. ಒಂದೇ ಪೆನ್ನು, ಒಂದೇ ಓಟ. ಮೊನ್ನೆ ನಿಸರ್ಗದ ಹುಡುಗ ಮಾದೇಶ್ ದರ ಏಳಕ್ ಮುಂಚೆ ಮಿಷನ್ ನೋಡ್ಬೇಕು ಅಂತ ಬಂದಿದ್ನಲ್ಲ, ಅವ್ನು ಕಾರ್ಡ್ ನೋಡಿ ಕೇಳ್ದ, 'ನರ್ಸಮ್ಮ, ನಿಮ್ಮೂರಲ್ಲಿ ಆಗಸ್ಟ್ ಬಂದೋಯ್ತಾ?' ಅಂತ."

ರೂಪ ಎದ್ದು ಬಂದು ಬಗ್ಗಿ ಓದಿದರು. "ಆಗಸ್ಟ್ ಹತ್ತು. ಸಹಿ ಇದೆ." ಅವರ ದನಿಯೇ ಇಳಿಯಿತು. "ಇವತ್ತು ಜುಲೈ ಇಪ್ಪತ್ತೇಳು."

ರಟ್ಟು ಕೈಯಿಂದ ಕೈಗೆ ಹೋಯಿತು. ಸದಾಶಿವಪ್ಪ ಮಾತ್ರ ಮುಟ್ಟಲಿಲ್ಲ. ಅವಮಾನಕ್ಕೆ ಕಿವಿ ಕೆಂಪಾಗಿತ್ತು. ಆ ಉರಿಯಲ್ಲಿ ಅಂದುಬಿಟ್ಟರು: "ಏನ್ ಮಹಾ! ಸರ್ಕಾರಿ ಕೆಲ್ಸದಲ್ಲಿದ್ದೋರು ಏಳ್ಬೇಕಾ ಇದ್ನ? ನಿಮ್ಮ ರಿಜಿಸ್ಟರುಗಳೆಲ್ಲಾ ಸತ್ಯ ಹರಿಶ್ಚಂದ್ರಂದಾ? ಕಾಡೊಳಗಿನ ಒಂದೊಂದ್ ಪೋಡಿಗೂ, ಒಂದೊಂದ್ ಗುಡಿಸ್ಲಿಗೂ ಓಗೇ ಸಹಿ ಆಕುದ್ರಾ ನೀವು?"

ರೂಪ "ಸಾರ್!" ಎಂದರು. ಕೆಂಪಾಜಮ್ಮ ಕೈ ತೋರಿಸಿ ತಡೆದರು. ಒರೆಸುತ್ತಿದ್ದ ಸೆರಗು ನಿಂತಿತ್ತು.

"ಇಲ್ಲ," ಎಂದರು. "ಒಂದ್ಸಲ ಓಗ್ದೇ ಆಕಿದ್ದೆ."

ಕೆಂಪಾಜಮ್ಮ ಕನ್ನಡಕ ಹಾಕಿಕೊಂಡರು.

"ಕೆಲ್ಸಕ್ ಸೇರಿ ಎರಡ್ನೇ ವರ್ಷ. ದಡಾರದ ಸೂಜಿ ದಿನ. ಅರ್ಧ ದಾರೀಲಿ ಆನೆ ನಿಂತದೆ ಅಂದ್ರು, ವಾಪಸ್ ಬಂದೆ. ಬಂದಿದ್ದು ತಪ್ಪಲ್ಲ. ರಿಜಿಸ್ಟರಲ್ಲಿ 'ಭೇಟಿ ಕೊಟ್ಟಿದ್ದೇನೆ' ಅಂತ ಬರ್ದು ಸಹಿ ಮಾಡ್ದೆ, ಮುಂದಿನ್ ವಾರ ಓದ್ರಾಯ್ತು ಅಂತ. ಸಹಿ ಇತ್ತಲ್ಲ, ಇನ್ನೊಬ್ರುನ್ನ ಯಾರೂ ಕಳುಸ್ಲಿಲ್ಲ. ಮುಂದಿನ್ ವಾರನೂ ಓಗಕ್ ಆಗ್ಲಿಲ್ಲ, ತಿಂಗ್ಳೊಳಗೆ ದಡಾರ ಬಂತು. ಮಾದು ಅಂತ ಒಂದು ಕೂಸು, ಒಂದ್ ಕಣ್ ಓಯ್ತು. ಈಗ ಹನೂರು ಸಂತೇಲಿ ತರಕಾರಿ ಮಾರ್ತಾನೆ. ಕಂಡಾಗೆಲ್ಲಾ ಆ ಕಣ್ಣಿನ ಕಡೆ ನೋಡಕ್ ಆಗದಿಲ್ಲ ನಂಗೆ." ಅವರು ರಟ್ಟಿನ ಮೇಲೆ ಬೆರಳಿಟ್ಟರು. "ಸುಳ್ ಸಹಿ ಅಂದ್ರೆ ಏನು ಅಂತ ಇಲ್ಲಿ ನನಗ್ ಗೊತ್ತಿರೋಷ್ಟು ಯಾರ್ಗೂ ಗೊತ್ತಿಲ್ಲ. ಕೆಲ್ಸ ಆಗಿಲ್ಲ ಅಂತ ಗೊತ್ತಿದ್ರೆ ಜನ ಎಚ್ಚರಾಗಿರ್ತಾರೆ. ಆಗದೆ ಅಂತ ಬರ್ದಿದ್ರೆ ನಂಬ್ಕಂಡು ಒಳೀಕ್ ಓಯ್ತಾರೆ. ನಾನೂ ನನ್ ಗಂಡನೂ ನಂಬ್ಕಂಡೇ ಒಳಗೋಗಿದ್ದು. ಈ ಮುವ್ವತ್ ಸಾವ್ರ ಎಚ್ಚು ಕಮ್ಮಿ ಮಾತಲ್ಲ ಇದು. ಇವ್ರುನ್ನ ಬುಟ್ಟು ನಿಸರ್ಗದೋರಿಗ್ ಕೊಡಿ. ನನ್ ಮಾತ್ ಆಯ್ತು."

ಕೈಯೆತ್ತಿಸಿದಾಗ ಹೊಸಬರಿಗೆ ಒಂಬತ್ತು, ಹಳಬರಿಗೆ ನಾಲ್ಕು. ಒಂಬತ್ತರಲ್ಲಿ ನಟರಾಜುವಿನ ಮನೆಯದೂ ಒಂದು. ಅವನ ಕೈ ಏಳುವ ಮುಂಚೆ ಪ್ರೇಮಾ ಕೈ ಎದ್ದಿತ್ತು.

ಆದರೂ ಸದಾಶಿವಪ್ಪ ಕೊನೆಯ ಕಡ್ಡಿಯೊಂದನ್ನು ಅಡ್ಡವಿಟ್ಟರು. ಹಳೆಯ ಕರಾರು ಆಗಸ್ಟ್ ಕೊನೆಯವರೆಗಿದೆ, ಮುಂಚೆ ಬಿಡಿಸಬೇಕೆಂದರೂ ಮೂವತ್ತು ದಿನದ ನೋಟಿಸು ಬೇಕು. ಅದು ಸುಳ್ಳಲ್ಲ. ಹೊಸಬರು ಬರುವುದು ಸೆಪ್ಟೆಂಬರ್ ಒಂದಕ್ಕೆ. ಗಗನದ ಹುಡುಗ ಮಾರನೆಯ ದಿನ ಬಂದು ಲಿಫ್ಟನ್ನು ಹೇಗೋ ಓಡುವಂತೆ ಮಾಡಿ ಹೋದ. ಬ್ಯಾಟರಿ ಮಾತ್ರ ಸತ್ತೇ ಇತ್ತು.

ಆಗಸ್ಟ್ ಹತ್ತು ಬಂತು. ಬೆಳಿಗ್ಗೆ ಒಂಬತ್ತಕ್ಕೆ ಕೆಂಪಾಜಮ್ಮ ಟೆರೇಸಿನಲ್ಲಿ ಮೋಟಾರು ಕೋಣೆಯ ನೆರಳಿಗೆ ಕುರ್ಚಿ ಹಾಕಿಕೊಂಡು, ಕೀ ಮಡಿಲಲ್ಲಿಟ್ಟುಕೊಂಡು ಕೂತರು. ಊಟಕ್ಕೆ ಇಳಿದರು, ಮತ್ತೆ ಹತ್ತಿದರು. ಸಂಜೆ ಐದಾಯಿತು. ಯಾರೂ ಬರಲಿಲ್ಲ. ಬಾಗಿಲು ತೆಗೆದು ಒಳಗೆ ಹೋಗಿ, ಆ ಹಳೆಯ ಸಹಿಯ ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: ಬರಲಿಲ್ಲ. ಕೆಳಗೆ ತಮ್ಮ ಹೆಸರು, ಹೊತ್ತು. ಫೋಟೋ ತೆಗೆದು ರೂಪಗೂ ಸದಾಶಿವಪ್ಪನವರಿಗೂ ಕಳಿಸಿದರು.

ಮನೆಗೆ ಬಂದರೆ ಚಿಕ್ಕಸಿದ್ದಯ್ಯ ಕಿಟಕಿ ಪಕ್ಕ ಕೂತಿದ್ದರು. "ಬಂದ್ನಾ?"

"ಇಲ್ಲ."

"ಸಹಿ?"

"ಆಕ್ದೆ. ನಂದೇ."

ಅವರು ತುಟಿಯ ಒಂದೇ ಬದಿಯಲ್ಲಿ ನಕ್ಕು ಬೆರಳು ಮಡಿಚಿ ಲೆಕ್ಕ ಹಾಕಿದರು. "ಒಂದ್ನೇ ತಾರೀಖು ಆ ಒಸಬ ಬ್ಯಾಟ್ರಿ ಆಕ್ಲಿ. ಕರೆಂಟ್ ತೆಗ್ದು ತೋರುಸ್ಲಿ, ನನ್ ಮುಂದೆ. ಆಮ್ಯಾಲ್ ಕುರ್ಚಿ ತಕಂಡ್ ಬಾ, ನೋಡ್ಮ."

ಕೆಂಪಾಜಮ್ಮ ಕೀಯನ್ನು ಮೊಳೆಗೆ ಹಾಕಿದರು. ಕನ್ನಡಕ ತೆಗೆದು ಒರೆಸಲು ಹೋಗಿ, ಗಾಜು ಶುಭ್ರವಾಗಿಯೇ ಇರುವುದನ್ನು ಕಂಡು, ಹಾಗೆಯೇ ಹಾಕಿಕೊಂಡರು.